ಒಂಬತ್ತು ಮಕ್ಕಳ ಠರಾವು

ಗೋದುಬಾಯಿ ದಾಂಡೇಲಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ಆಕೆ ನಿಶ್ಚಿಂತೆಯಿಂದ ಇದ್ದ ದಿನಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಕಾಗದದ ಗಿರಣಿಯ ಸೈರನ್ ಕೂಗಿದರೆ ಗಂಡನಿಗೆ ಏನಾಯಿತೋ, ಕೂಗದಿದ್ದರೆ ಗಿರಣಿಗೇ ಏನಾಯಿತೋ. ಮಗ ಅತ್ತರೆ ಹೊಟ್ಟೆನೋವೋ ಏನೋ, ಅಳದೆ ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು.

"ಗಿರಣ್ಯಾಗರ ಮೂರು ಪಾಳಿಗೆ ಮೂರು ಮಂದಿ ಇರತಾರ," ಎಂದು ಗಂಡ ಸಾತಪ್ಪ ನಗುತ್ತಿದ್ದ. "ನೀ ಚಿಂತೀನ ಮೂರೂ ಪಾಳಿ ಒಬ್ಬಾಕೀನ ಮಾಡತಿ. ಓವರ್‌ಟೈಮ್ ಯಾರು ಕೊಡಬೇಕು?"

ಬೆಳಗಾವಿಯಲ್ಲಿ ಮ್ಯಾಟ್ರಿಕ್ ಪಾಸಾದವಳು ಆಕೆ. ಅಪ್ಪ ಮುನಸಿಪಾಲಿಟಿಯಲ್ಲಿ ಕಾರಕೂನ. ಸಭೆಗಳ ನಡಾವಳಿ ಬರೆದೇ ತಲೆ ಹಣ್ಣಾಗಿಸಿಕೊಂಡವರು. ಭಾನುವಾರ ಮಧ್ಯಾಹ್ನ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ತಮ್ಮ ಹರಕು ಟಿಪ್ಪಣಿಗಳನ್ನು ಓದುವರು, ಮಗಳಿಂದ ಚೊಕ್ಕಟ ಬರೆಸುವರು. "ಸಭಾದಾಗಿನ ಮಾತು ಮಳಿ ಇದ್ದಂಗ, ಗೋದೂ. ಹರದದ್ದೆಲ್ಲಾ ಹರೀಲಿ. ಗಡಿಗ್ಯಾಗ ನಿಂತದ್ದಷ್ಟ ನಡಾವಳಿ. ಏನು ಠರಾವ ಆತು, ಯಾರ ಮಾಡಬೇಕು, ಯಾವ ತಾರೀಖಿನೊಳಗ. ಈ ಮೂರಕ್ಕ ಉತ್ತರ ಇಲ್ಲದ ಸಾಲು ಬರೀಬ್ಯಾಡ. 'ಲಗೂನ, ಜಲ್ದಿ' ಅಂದರ ತಾರೀಖಲ್ಲ. 'ನಾವೆಲ್ಲಾರೂ' ಅಂದರ ಮನಷ್ಯಾ ಅಲ್ಲ."

ನಾಲ್ಕನೆಯ ಮಾತೊಂದನ್ನೂ ಅವರು ಹೇಳಿದ್ದರು. ಅದು ಆಕೆಗೆ ಆಮೇಲೆ ನೆನಪಾಯಿತು. ತೀರ ಆಮೇಲೆ.

ಕೂಲಿಕಾರರ ಚಾಳಿನ ತುದಿಗೆ ತಗಡಿನ ಒಂದು ಶೆಡ್ಡು ಇತ್ತು. ಅಲ್ಲಿಯ ಹೆಂಗಸರ ಮಂಡಳ ಅದರಲ್ಲಿ ಬಾಲವಾಡಿ ನಡೆಸುತ್ತಿತ್ತು. ಮುಂಜಾನೆ ಗೋದುಬಾಯಿ ದೊಡ್ಡ ಮಕ್ಕಳಿಗೆ ಅಕ್ಷರ ಕಲಿಸುವಳು. ಎಳೆಗೂಸುಗಳನ್ನು ನೋಡಿಕೊಳ್ಳುತ್ತಿದ್ದವಳು ಮಾಗ್ದಲೀನಾ. ಹಳಿಯಾಳದ ಆಚೆಯ ಕಾಡಂಚಿನ ಕ್ರೈಸ್ತ ಸಿದ್ದಿ ಜನರ ಊರಿನವಳು. ನಲವತ್ತರ ಹೆಂಗಸು, ಗಂಡ ತೀರಿದ ಮೇಲೆ ಇಲ್ಲಿಗೆ ಬಂದವಳು. ಎರಡು ಕೂಸು ಎರಡು ಟೊಂಕದ ಮೇಲೆ, ಒಂದು ಬೆನ್ನಿಗೆ, ಉಳಿದವು ಸೆರಗಿನ ಹಿಂದೆ. ಜೋಗುಳ ಕೊಂಕಣಿಯಲ್ಲಿ, ಬೈಗುಳ ಕನ್ನಡದಲ್ಲಿ. ಹತ್ತು ಕೂಸುಗಳಲ್ಲಿ ಹತ್ತನೆಯದು ಗೋದುಬಾಯಿಯ ಹದಿನಾಲ್ಕು ತಿಂಗಳ ಮಗ, ಬಾಳು. ಎಂಟು ತಿಂಗಳಿಂದ ಅವನು ಆ ಕೈಯಲ್ಲೇ ಬೆಳೆದಿದ್ದ. ಅಮ್ಮನ ಕೈಯಲ್ಲಿ ಕೆಮ್ಮುತ್ತ ಉಗುಳುವ ಗಂಜಿಯನ್ನು ಆಕೆಯ ಕೈಯಲ್ಲಿ ಬಟ್ಟಲು ನೆಕ್ಕಿ ಮುಗಿಸುತ್ತಿದ್ದ. ಅದೂ ಗೋದುಬಾಯಿಗೆ ಒಂದು ಚಿಂತೆಯೇ.

ಮಂಡಳದ ನಡಾವಳಿ ಬರೆಯುತ್ತಿದ್ದವರು ಒಬ್ಬ ಫಾರೆಸ್ಟರರ ಹೆಂಡತಿ. ಗಂಡನಿಗೆ ಮುಂಡಗೋಡಕ್ಕೆ ವರ್ಗವಾಗಿ ಅವರು ಹೋದರು. ಆ ಪುಸ್ತಕ ಗೋದುಬಾಯಿಯ ಕೈಗೆ ಬಂತು. ತೆರೆದು ನೋಡಿ ಆಕೆಗೆ ನಗು ಬಂತು: ತಿಂಗಳಿಗೆ ಎರಡೋ ಮೂರೋ ಸಾಲು, ಮುಗಿಯಿತು. ಇಷ್ಟು ಹೊತ್ತು ಸಭೆ ನಡೆಸಿ ಇಷ್ಟೇ ಸಾಲೇ? ನಾನು ತೋರಿಸುತ್ತೇನೆ ನಡಾವಳಿ ಅಂದರೆ ಏನೆಂದು, ಅಂದುಕೊಂಡಳು.

ಅರವತ್ತಮೂರನೆಯ ಇಸವಿ, ನವೆಂಬರದ ನಾಲ್ಕನೆಯ ಶನಿವಾರ. ಸಂಜೆ ನಾಲ್ಕಕ್ಕೆ ಹೆಂಗಸರು ಸೇರಿದರು. ಅಧ್ಯಕ್ಷೆ ಮುದಕವ್ವ ಗೋಡೆಗೆ ಒರಗಿ ಕೂತಳು. ಹೆಡ್ ಮಿಸ್ತ್ರಿಯ ತಾಯಿ. ಅಕ್ಷರ ಬಾರದು, ಆದರೆ ಚಾಳಿನಲ್ಲಿ ಆಕೆಯ ಮಾತಿಗೆ ಎರಡಿಲ್ಲ. ಮಾಗ್ದಲೀನಾ ಹೊಸ್ತಿಲ ಆಚೆ, ಅಂಗಳದಲ್ಲಿ ಮಕ್ಕಳ ನಡುವೆ ಇದ್ದಳು. ಗೋದುಬಾಯಿ ಒಂದೂ ಮಾತು ಬಿಡಬಾರದೆಂದು ಪೆನ್ಸಿಲು ಹಿಡಿದಳು.

ಮಾತು ಹರಿಯಿತು, ಹೇಗೆಂದರೆ ಹಾಗೆ.

"ಹಾಲಿಗೆ ನೀರು ಹಾಕ್ತಾನಂತ ಗೌಳಿ, ನಮ್ಮ ಮನಿಯವರು ಅಂದರು," ಎಂದಳು ಮಾಲವ್ವ.

"ಯಾರ ಮನಿಯವರು? ಹೆಸರು ಹೇಳ್ರಿ, ಬರಕೋಬೇಕು," ಎಂದಳು ಗೋದುಬಾಯಿ.

ಮಾಲವ್ವ ನಾಚಿ ಸೆರಗು ಬಾಯಿಗೆ ಹಿಡಿದಳು. "ಅಯ್ಯ, ಗಂಡನ ಹೆಸರ ಹೆಂಗ ಹೇಳಬೇಕ್ರಿ ಬಾಯಾರ? ಉಳವಿ ಜಾತ್ರಿಗೆ ಹೋಗತೀರಲ್ಲ, ಆ ಊರ ಹೆಸರಿಗೆ ಒಂದ ಅಪ್ಪನ್ನ ಹಚ್ಚರಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಉಳವಪ್ಪ ಎಂದು ಬರೆದುಕೊಂಡಳು. ಅಷ್ಟರಲ್ಲಿ ಮಾತು ಹಾಲಿನಿಂದ ಗೌಳಿಯ ಎಮ್ಮೆಗೆ, ಎಮ್ಮೆಯಿಂದ ಅದರ ಸತ್ತ ಕರುವಿಗೆ, ಕರುವಿನಿಂದ ಸೊಳ್ಳೆಗೆ ಹೋಗಿತ್ತು. ಸೊಳ್ಳೆಯಿಂದ ನಿದ್ದೆಗೆ ಬಂತು.

"ನನ್ನ ಕೂಸು ಇಲ್ಲಿಂದ ಬಂದರ ಸಂಜೀತನಕಾ ಏಳಂಗಿಲ್ಲ," ಎಂದಳು ಕೆಂಚವ್ವ. ಬಿದಿರು ಹೇರುವ ಅಂಗಳದ ಕೂಲಿಯವಳು, ಬಾಯಿ ಜೋರು. "ಈಕಿ ಏನ ನೆಕ್ಕಸ್ತಾಳೋ ಯಾರಿಗ್ಗೊತ್ತು. ತಗದಹಾಕ್ರಿ ಅತ್ಲಾಗ, ಬ್ಯಾರೇ ಯಾರನ್ನರೇ ನೋಡೂಣು."

"ಹೌದ ಬಿಡ, ನಂದೂ ಮಲಗತೈತಿ," ಎಂದಳು ಇನ್ನೊಬ್ಬಳು.

ಗೋದುಬಾಯಿಯ ಪೆನ್ಸಿಲು ನಿಂತಿತು. ಬೆಳಗಾವಿಯ ಅವರ ಓಣಿಯಲ್ಲಿ ಕೂಸು ಅಳಬಾರದೆಂದು ಆಳು ಹೆಂಗಸೊಬ್ಬಳು ಅಫೀಮು ನೆಕ್ಕಿಸಿದ್ದಳು, ಕೂಸು ಏಳಲೇ ಇಲ್ಲ. ಆಗ ಆಕೆಗೆ ಹತ್ತು ವರ್ಷ. ಕೂಸನ್ನು ಸುತ್ತಿದ ಆ ಚಿಕ್ಕ ಬಿಳಿ ಗಂಟನ್ನು ಹೊತ್ತು ಹೋದದ್ದು ಇನ್ನೂ ಕಣ್ಣಲ್ಲಿತ್ತು. ಬಾಳು ನಿನ್ನೆ ಮೂರು ತಾಸು ಮಲಗಿದ್ದನಲ್ಲ? ಕೈ ತಾನಾಗಿ ಬರೆಯಿತು: ತೆಗೆಯಬೇಕು.

ಹೊರಗೆ ಬಾಳು ಅತ್ತ. ಆಕೆ ಪುಸ್ತಕ ಮುಚ್ಚಿ ಎದ್ದಳು. ಅದೇ ಹೊತ್ತಿಗೆ ಚಾಳಿನಲ್ಲಿ ಬಟ್ಟೆ ಹೊಲಿಯುವ ಯಲ್ಲವ್ವ ಹಿತ್ತಾಳೆಯ ತಾಟಿನಲ್ಲಿ ಎಲೆ ಅಡಿಕೆ ತಂದು ಮುದಕವ್ವನ ಮುಂದಿಟ್ಟಳು. ಎಲೆ ಅಡಿಕೆ ಬಂತೆಂದರೆ ಸಭೆ ಮುಗಿಯಿತು, ಬೆಳಗಾವಿಯಲ್ಲಿ ಹಾಗೇ. ಗೋದುಬಾಯಿ ಮಾಗ್ದಲೀನಾಳ ಕಂಕುಳಿನಿಂದ ಮಗನನ್ನು ಸರಕ್ಕನೆ ಕಿತ್ತುಕೊಂಡು, ಅವನ ಬಾಯಿ ಮೂಸಿ ನೋಡುತ್ತ ಮನೆಗೆ ನಡೆದಳು.

ಮರುದಿನ ಮಧ್ಯಾಹ್ನ ಏಳು ಪುಟಗಳ ಗೀಚು ಮುಂದಿಟ್ಟುಕೊಂಡು ಕೂತಳು. ಎಮ್ಮೆ ಹೋಯಿತು, ಕರು ಹೋಯಿತು, ನಗು ಹೋಯಿತು. ಅಪ್ಪ ಕಲಿಸಿದಂತೆ ಮೂರು ಮನೆ ಮಾಡಿ ಗೆರೆ ಎಳೆದಳು: ಏನು, ಯಾರು, ಯಾವಾಗ.

ಠರಾವು ಒಂದು: ಗೌಳಿಯ ಹಾಲನ್ನು ಪರೀಕ್ಷಿಸುವುದು. ಹೊಣೆ: ಉಳವಪ್ಪ. ಮುದತು: ೩೦-೧೧-೬೩.

ಠರಾವು ಎರಡು: ಸೊಳ್ಳೆಪರದೆ ಹೊಲಿಯುವುದು. ಹೊಣೆ: ಯಲ್ಲವ್ವ. ಮುದತು: ೭-೧೨-೬೩.

ಮೂರನೆಯದಕ್ಕೆ ಬಂದಾಗ ಕೈ ತಡೆಯಿತು. ಠರಾವು ಆಯಿತೇ? ಒಬ್ಬಳು ಹೇಳಿದಳು, ಇನ್ನೊಬ್ಬಳು ಹೌದೆಂದಳು, ಬೇಡವೆಂದು ಯಾರೂ ಅನ್ನಲಿಲ್ಲ. ಹಾಗಾದರೆ ಆಯಿತಲ್ಲ. ತೊಟ್ಟಿಲಲ್ಲಿ ಬಾಳು ಮಗ್ಗುಲಾದ. ಆಕೆ ಬರೆದಳು: ಮಾಗ್ದಲೀನಾಳನ್ನು ಕೆಲಸದಿಂದ ತೆಗೆಯುವುದು. ಯಾರು ಹೇಳಬೇಕು, ಯಾವಾಗ ಎಂದು ಟಿಪ್ಪಣಿಯಲ್ಲಿ ಇರಲಿಲ್ಲ. ಖಾಲಿ ಬಿಡುವಂತಿಲ್ಲವಲ್ಲ. ಹೊಣೆ: ಕಾವಲಿನ ಲಗಮಪ್ಪ. ಮುದತು: ಸೋಮವಾರ, ೨೫-೧೧-೬೩.

ಓದಿಕೊಂಡಳು. ಏಳು ಪುಟ ಅರ್ಧ ಪುಟವಾಗಿತ್ತು. ಎಷ್ಟು ಚೊಕ್ಕಟ! ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಕಾರ್ಬನ್ ಇಟ್ಟು ಬರೆದ ಪ್ರತಿಗಳಲ್ಲಿ ಒಂದನ್ನು ಲಗಮಪ್ಪನಿಗೆ ಕೊಟ್ಟು, ಪುಸ್ತಕಕ್ಕೆ ಅಧ್ಯಕ್ಷೆಯ ಹೆಬ್ಬೆಟ್ಟು ಹಾಕಿಸಿ ತರಲು ಹೇಳಿದಳು. ಬಾಲವಾಡಿ ಕಾಯುವ ಲಗಮಪ್ಪ ಮಿಲಿಟರಿಯಿಂದ ಬಂದವನು. ಬಾಯಿಮಾತಿಗೆ ಹತ್ತು ಪ್ರಶ್ನೆ ಕೇಳುವನು, ಕಾಗದಕ್ಕೆ ಒಂದೂ ಕೇಳುವವನಲ್ಲ. ಮುದಕವ್ವನೂ ಕೇಳಲಿಲ್ಲ. "ನಾವು ಆಡಿದ್ದನ್ನ ಬರದಿರತಾಳ, ಓದಿದ ಹುಡುಗಿ," ಎಂದು ಒತ್ತಿ ಕಳಿಸಿದಳು.

ಸೋಮವಾರ ಬೆಳಿಗ್ಗೆ ಗೋದುಬಾಯಿ ಹೋಗುವಷ್ಟರಲ್ಲಿ ಮುಗಿದಿತ್ತು. ಮಾಗ್ದಲೀನಾ ಒಂದು ಗಂಟು ಹಿಡಿದು ಅಂಗಳದಲ್ಲಿ ನಿಂತಿದ್ದಳು. ಲಗಮಪ್ಪ ಪಕ್ಕದಲ್ಲಿ, ಕಾಗದ ಹಿಡಿದು.

"ಯಾಕ್ರಿ ಬಾಯಾರ?" ಎಂದಳು ಮಾಗ್ದಲೀನಾ. ಅಷ್ಟೇ.

"ಕಮಿಟಿಯ ಠರಾವು," ಎಂದಳು ಗೋದುಬಾಯಿ.

ಮಾಗ್ದಲೀನಾ ಅಂಗಳ ದಾಟಿ ಹೋದಳು. ಬಾಳು ಅಮ್ಮನ ತೋಳಿನಿಂದ ಆಚೆ ಬಾಗಿ ಎರಡೂ ಕೈ ಚಾಚಿ ಕಿರುಚಿದ. ಮಾಗ್ದಲೀನಾ ತಿರುಗಿ ನೋಡಲಿಲ್ಲ.

ಸೋಮವಾರವಿಡೀ ಊರಲ್ಲಿ ಇರದಿದ್ದ ಮುದಕವ್ವ ಮಂಗಳವಾರ ಹತ್ತು ಗಂಟೆಗೆ ಬಂದಳು, ಕಚ್ಚೆ ಬಿಗಿದು, ಬೆವರುತ್ತ. ಬಾಗಿಲಲ್ಲಿ ನಿಂತೇ ಕೂಗಿದಳು:

"ಎಲ್ಲಿ ಅಕಿ? ಮಾಗ್ದಲೀನಾ? ದೇವಿ ಹಾಕಾವ ಹಳಿಯಾಳದಿಂದ ಬಂದು ತಾಸ ಆತು, ದವಾಖಾನಿ ಮುಂದ ಕೂತಾನ. ಐದ ಕೂಸಿಗೆ ಮೈಲಿಬ್ಯಾನಿ ಲಸಿಕಿ ಚುಚ್ಚಿಸಬೇಕು. ಅಕಿ ಎಲ್ಲಿ ಸತ್ತಾಳ?"

ಗೋದುಬಾಯಿಗೆ ಅರ್ಥವಾಗಲಿಲ್ಲ. "ಅಕಿನ್ನ ತಗದೇವಲ್ಲರಿ, ಆಯಿ. ನೀವ ಹೆಬ್ಬೆಟ್ಟ ಒತ್ತೀರಿ."

"ಯಾರು ತಗದರು?"

"ಶನಿವಾರದ ಸಭಾ. ಠರಾವು ಮೂರು."

ಮುದಕವ್ವ ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು, ಕೂಗುವುದಕ್ಕಿಂತ ಅದೇ ಭಯವಾಗುವಂತಿತ್ತು:

"ತಾಟು ಬರೂಕಿಂತ ಮೊದಲು ಆಡಿದ್ದನ್ನ ಬರದಿ ಏನು, ಯವ್ವಾ?"

"ತಾಟಂದರ... ಎಲಿ ಅಡಿಕಿ?"

"ಎಲಿ ಅಡಿಕಿ ತಿನ್ನಾಕಲ್ಲವಾ ತಂಗಿ. ತಾಟು ಬರೂತನಕಾ ಹೆಂಗಸರು ಹೊಟ್ಟ್ಯಾಗಿನ ಕಸಾ ಹೊರಗ ಹಾಕ್ತಾರ. ಬೈತಾರ, ಅಳತಾರ. ಅದು ಮಾತು. ತಾಟು ಬಂದ ಮ್ಯಾಲ ನಾ ಒಂದೊಂದ ಕೆಲಸದ ಹೆಸರ ಹೇಳತೇನಿ. ಯಾರು ಆ ವೀಳ್ಯ ಎತ್ತತಾರೋ ಅದು ಅವರ ಕೆಲಸ. ಯಾರೂ ಎತ್ತಲಿಲ್ಲ ಅಂದರ ಆ ಮಾತು ಅಲ್ಲೇ ಬಿತ್ತು. ಫಾರೆಸ್ಟರ ಹೇಣ್ತಿ ಎಲಿ ಲೆಕ್ಕ ಹಾಕಿ ಬರೀತಿದ್ದಳು. ಮೂರು ಎಲಿ, ಮೂರು ಸಾಲು."

ಗೋದುಬಾಯಿಗೆ ಹಿಂದಿನ ಪುಟಗಳ ಆ ಎರಡು ಮೂರು ಸಾಲು ಕಣ್ಣ ಮುಂದೆ ಬಂದವು.

"ಶನಿವಾರ... ಯಾರು ಎತ್ತಿದರು?"

"ಇಬ್ಬರ. ಹಾಲಿನ ವೀಳ್ಯ ಮಾಲವ್ವ. ದೇವಿ ಹಾಕಸೂ ವೀಳ್ಯ ಮಾಗ್ದಲೀನಾ. ಹೊರಗಿನಿಂದ ಒಳಗ ಬಂದು, ಕೈ ಒರಸಿಕೊಂಡು ಎತ್ತಿದಳು. ಕೆಂಚವ್ವನ ಮಾತಿಗೆ ನಾ ತಾಟ ಮುಟ್ಟಲೇ ಇಲ್ಲ. ಕೆಂಚವ್ವನ ಕೂಸಿಗೆ ಹಲ್ಲು ಬರಾಕ ಹತ್ಯಾವು. ರಾತ್ರಿಯೆಲ್ಲಾ ಮಲಗಂಗಿಲ್ಲ, ಹಗಲ ಮಲಗತೈತಿ. ಅಕಿಗೂ ಗೊತ್ತು ಅದು. ಬೈಯೂದು ಅಕಿ ರೂಢಿ."

ಗೋದುಬಾಯಿ ಗೋಡೆ ಹಿಡಿದುಕೊಂಡಳು. ಅಪ್ಪ ಹೇಳಿದ್ದ ನಾಲ್ಕನೆಯ ಮಾತು ಆಗ, ಆ ಹೊಸ್ತಿಲಲ್ಲಿ ನೆನಪಾಯಿತು: "ಗೊತ್ತಿಲ್ಲದ ಮನಿ ಖಾಲಿ ಬಿಟ್ಟು, ಹೋಗಿ ಕೇಳು. ನಿನ್ನ ತಲ್ಯಾಗಿನದು ತಂದು ತುಂಬಬ್ಯಾಡ." ಎರಡೂ ಮನೆಗಳನ್ನು ಆಕೆ ತುಂಬಿದ್ದಳು. ಹೆಸರು ಆಕೆಯ ತಲೆಯದು, ತಾರೀಖು ಆಕೆಯ ತಲೆಯದು, ಠರಾವೇ ಆಕೆಯ ತಲೆಯದು. ಬೆಳಗಾವಿಯ ಓಣಿಯ ಆ ಬಿಳಿ ಗಂಟನ್ನು ತಂದು ದಾಂಡೇಲಿಯ ಪುಸ್ತಕದಲ್ಲಿ ಇಟ್ಟಿದ್ದಳು.

ಮಕ್ಕಳನ್ನು ಸೇರಿಸಿ ದವಾಖಾನೆಗೆ ಓಡುವಷ್ಟರಲ್ಲಿ ದೇವಿ ಹಾಕುವವನು ಜೋಯಿಡಾದ ಬಸ್ಸು ಹತ್ತಿದ್ದ. ಮತ್ತೆ ಬರುವುದು ಜನವರಿಗೆ. ಐದು ಕೂಸುಗಳಲ್ಲಿ ಬಾಳುವೂ ಒಬ್ಬ.

ಬುಧವಾರ ಮುದಕವ್ವನೊಂದಿಗೆ ಹಳಿಯಾಳದ ಬಸ್ಸು ಹಿಡಿದು, ಅಲ್ಲಿಂದ ಎರಡು ಮೈಲಿ ನಡೆದು ಆ ಊರಿಗೆ ಹೋದಳು. ಮಾಗ್ದಲೀನಾ ಅಣ್ಣನ ಮನೆಯ ಮುಂದೆ ಭತ್ತ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಲಿಲ್ಲ.

"ತಪ್ಪಾತು," ಎಂದಳು ಗೋದುಬಾಯಿ. "ಬಾ. ನಾಳಿಂದನ ಬಾ."

"ಲಗಮಪ್ಪ ಕಾಗದ ಓದಿ ಹೇಳಿದಾ. ಚಾಳಿನ ಮಂದಿ ಎಲ್ಲಾ ಕೇಳಿದರು. ಈಗ ಈ ಊರಾಗೂ ಕೇಳತಾರ, ಯಾಕ ಹಾಕಿದರಂತ. ಮಕ್ಕಳಿಗೆ ಏನ ಮಾಡಿದಿ ಅಂತ." ಒನಕೆ ಎತ್ತಿದಳು, ಇಳಿಸಿದಳು. "ನೀವು ಬಾಯಿಲೆ ಕರದರ ಹೆಂಗ ಬರಲಿ? ಕಾಗದದಾಗ ಹಾಕೀರಿ. ಆ ಮಾತ ಕಾಗದದಾಗನ ತಗೀರಿ. ಎಲ್ಲಾರ ಮುಂದ ಓದರಿ. ಓದೂದು ಕೇಳಾಕ ಬರತೇನಿ."

ಮನೆಗೆ ಬಂದಾಗ ಗೋದುಬಾಯಿಗೆ ಮೊದಲು ಹೊಳೆದದ್ದು ಆ ಹಾಳೆ ಹರಿದುಹಾಕುವುದು. ಸಾತಪ್ಪ ಅಂದು ನಗಲಿಲ್ಲ. "ನಮ್ಮ ಗಿರಣ್ಯಾಗ ಹರದ ಹಾಳಿ ಮತ್ತ ಕುದಿಸಿ ಹೊಸಾ ಹಾಳಿ ಮಾಡತೇವಿ," ಎಂದ. "ನಡಾವಳಿ ಹಾಂಗಲ್ಲ. ಹಾಳಿಗೆ ನಂಬರ ಐತಿ. ಹರದರ ಏನೋ ಮುಚ್ಚಿದಿ ಅಂತಾರ. ಮುಂದಿನ ಸಭಾದಾಗ ಓದಿ, ತಪ್ಪ ಐತಿ ಅಂತ ಹೇಳಿ, ಅದನ್ನೂ ಬರಿ."

ಶನಿವಾರ ವಿಶೇಷ ಸಭೆ. ಮಾಗ್ದಲೀನಾ ಬಂದಳು. ಹೊಸ್ತಿಲ ಆಚೆ ಕೂರಲಿಲ್ಲ. ಒಳಗೆ ಬಂದು, ಕೆಂಚವ್ವನ ಎದುರಿಗೇ ಕೂತಳು. ಗೋದುಬಾಯಿ ನಿಂತುಕೊಂಡು ಹಿಂದಿನ ಸಭೆಯ ನಡಾವಳಿ ಓದಿದಳು. ಎರಡನೆಯದಕ್ಕೆ ಬಂದಾಗ, "ಪರದೆ? ನಾ ಯಾವಾಗ ಹೊಲೀತೇನಿ ಅಂದೆ?" ಎಂದು ಯಲ್ಲವ್ವ ಬೆರಗಾದಳು. ಮೂರನೆಯದನ್ನು ಓದಿದಾಗ ಕೆಂಚವ್ವ ತಲೆ ತಗ್ಗಿಸಿದಳು.

"ಯಾರ ಅಂದದ್ದು ಅದು?" ಮಾಗ್ದಲೀನಾ ಕೇಳಿದಳು.

ಎಲ್ಲರ ಕಣ್ಣು ಕೆಂಚವ್ವನ ಕಡೆ ಹೋಯಿತು. ಕೆಂಚವ್ವ ಅಂದಿದ್ದಳು, ಹೌದು. ಆ ಕಡೆ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು.

"ಠರಾವು ಯಾರೂ ಅನ್ನಲಿಲ್ಲ," ಎಂದಳು ಗೋದುಬಾಯಿ. "ನಾ ಬರದೆ. ನನಗ ಅಂಜಿಕಿ ಬಂತು. ನೀ ನನ್ನ ಮಗಗ ಅಫೀಮು ಕೊಡತಿ ಅಂತ ತಿಳಕೊಂಡೆ."

ಶೆಡ್ಡಿನ ತಗಡು ಬಿಸಿಲಿಗೆ ಟಕ್ ಎಂದಿತು. ಮಾಗ್ದಲೀನಾ ಆಕೆಯನ್ನೇ ನೋಡಿದಳು. ಸಿಟ್ಟಲ್ಲ, ಯಾರೋ ಹಿಂದಿನಿಂದ ದೂಡಿದಾಗ ಮುಖದಲ್ಲಿ ಬರುವಂಥದ್ದು.

"ಎಂಟು ತಿಂಗಳು," ಎಂದಳು. "ಎಂಟು ತಿಂಗಳು ನನ್ನ ಮೈಮ್ಯಾಲ ಬೆಳದ ಕೂಸು."

ಗೋದುಬಾಯಿ ಎರಡನೆಯ ಮತ್ತು ಮೂರನೆಯ ಠರಾವಿನ ಮೇಲೆ ಒಂದೊಂದು ಗೆರೆ ಎಳೆದಳು, ಕೆಳಗಿನ ಅಕ್ಷರ ಕಾಣುವಂತೆ. ಅಂಚಿನಲ್ಲಿ ತನ್ನ ಸಹಿ, ತಾರೀಖು. ಆ ದಿನದ ಪುಟದಲ್ಲಿ ಬರೆದು ಗಟ್ಟಿಯಾಗಿ ಓದಿದಳು: "ಹಿಂದಿನ ಸಭೆಯ ಠರಾವು ಎರಡು ಮತ್ತು ಮೂರು ಸಭೆಯಲ್ಲಿ ಆಗಿರಲಿಲ್ಲ. ಬರೆದವರ ತಪ್ಪು. ಠರಾವು ಒಂದರ ಹೊಣೆ ಮಾಲವ್ವನದು. ಮಾಗ್ದಲೀನಾಳ ಮೇಲೆ ಯಾವ ದೂರೂ ಇಲ್ಲ. ಮಕ್ಕಳಿಗೆ ದೇವಿ ಹಾಕಿಸುವ ಠರಾವು ಬರೆಯದೆ ಬಿಟ್ಟುಹೋಗಿದೆ." ಮುದಕವ್ವ ಈ ಸಲ ಪೂರ್ತಿ ಕೇಳಿ, ಇನ್ನೊಮ್ಮೆ ಓದಿಸಿ, ಹೆಬ್ಬೆಟ್ಟು ಒತ್ತಿದಳು.

ಆಮೇಲೆ ತಾಟು ಬಂತು. ಗೋದುಬಾಯಿ ಪೆನ್ಸಿಲು ಕೆಳಗಿಟ್ಟಿರಲಿಲ್ಲ.

"ಐದ ಕೂಸಿನ್ನ ಹಳಿಯಾಳಕ್ಕ ಒಯ್ದು ದೇವಿ ಹಾಕಸೂದು," ಎಂದಳು ಮುದಕವ್ವ.

ಕೆಂಚವ್ವ ಯಾರ ಮುಖವನ್ನೂ ನೋಡದೆ ಕೈ ಚಾಚಿ ಎತ್ತಿದಳು. "ಸೋಮವಾರ," ಎಂದಳು. "ಕೂಲಿ ಹೋದರ ಹೋಗಲಿ."

"ಕೂಸುಗಳನ್ನ ನೋಡಿಕೊಳ್ಳೂದು."

ತಾಟು ಮಾಗ್ದಲೀನಾಳ ಮುಂದೆ ನಿಂತಿತು. ಆಕೆಯ ಕೈ ಮಡಿಲಲ್ಲೇ ಇತ್ತು. ಯಾರೂ ಎತ್ತು ಎನ್ನುವಂತಿಲ್ಲ. ಅದು ಆ ತಾಟಿನ ಕಾಯಿದೆ. ಕೊನೆಗೆ ಕರಿಯ ಬೆರಳುಗಳು ಬಂದು ಒಂದು ಎಲೆಯನ್ನು ಎತ್ತಿದವು, ಬಾಯಿಗೆ ಹಾಕಿಕೊಳ್ಳಲಿಲ್ಲ.

"ಬರೀರಿ ಬಾಯಾರ. ನಾ ಹೇಳಿದಂಗ ಬರೀರಿ. ಹೊಣಿ, ಮಾಗ್ದಲೀನಾ. ಮುದತು, ನಾತಾಳ ಹಬ್ಬದ ತನಕಾ, ಡಿಸೆಂಬರ ಇಪ್ಪತ್ತೈದು. ಆ ಮ್ಯಾಲ ನೋಡೂಣು." ಎಲೆಯನ್ನು ಅಂಗೈಯಲ್ಲಿ ನೀಟಾಗಿ ಮಡಚಿದಳು. "ಮತ್ತ ಕೂಸು ಒಂಬತ್ತು. ಹತ್ತಲ್ಲ."

ಗೋದುಬಾಯಿಗೆ ಕೂಡಲೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಹತ್ತನೆಯದು ಬಾಳು.

"ಮಾಗ್ದಲೀನಾ..." ಎಂದಳು ಮುದಕವ್ವ.

"ಆಯಿ, ನನಗೂ ಅಂಜಿಕಿ ಬಂದೈತಿ," ಎಂದಳು ಮಾಗ್ದಲೀನಾ, ಶಾಂತವಾಗಿ. "ನಾಳೆ ಅದಕ್ಕ ಸುಮ್ಮನ ಒಂದ ನೆಗಡಿ ಬಂದರೂ ಬಾಯಾರು ನನ್ನ ಕೈ ನೋಡತಾರ. ಆ ಕೂಸನ್ನ ಎತ್ತಿಕೊಳ್ಳೂ ಧೈರ್ಯ ನನಗಿಲ್ಲ."

ಅಂಗಳದಿಂದ ಬಾಳು ತಪ್ಪುಹೆಜ್ಜೆ ಇಡುತ್ತ ಹೊಸ್ತಿಲು ಹತ್ತಿ ಬಂದ. ಅಮ್ಮನನ್ನು ದಾಟಿ ನೇರ ಮಾಗ್ದಲೀನಾಳ ಬಳಿಗೆ ಹೋಗಿ, ಆಕೆಯ ಮೊಳಕಾಲಿಗೆ ಎರಡೂ ಕೈ ಊರಿ ನಿಂತ. ಮಾಗ್ದಲೀನಾ ಕೈ ಎತ್ತಲಿಲ್ಲ. ಮಡಚಿದ ಎಲೆಯನ್ನು ಗಟ್ಟಿಯಾಗಿ ಹಿಡಿದು, ಅವನ ತಲೆಯ ಮೇಲಿಂದ ಪುಸ್ತಕದ ಕಡೆ ನೋಡುತ್ತ ಕೂತಳು.

ಗೋದುಬಾಯಿ ಬರೆದಳು. ಒಂದು ಅಕ್ಷರವನ್ನೂ ಸೇರಿಸಲಿಲ್ಲ, ಬಿಡಲಿಲ್ಲ. ಬರೆದದ್ದನ್ನು ನಿಂತುಕೊಂಡು ಓದಿದಳು:

"ಕೂಸುಗಳನ್ನು ನೋಡಿಕೊಳ್ಳುವುದು. ಹೊಣೆ: ಮಾಗ್ದಲೀನಾ. ಮುದತು: ನಾತಾಳ ಹಬ್ಬದ ತನಕ, ೨೫-೧೨-೬೩. ಕೂಸುಗಳು..."

ಅಲ್ಲಿ ಧ್ವನಿ ನಿಂತಿತು.

"ಒಂಬತ್ತು," ಎಂದು ಓದಿದಳು.

"ಬರೋಬ್ಬರಿ ಐತಿ," ಎಂದಳು ಮಾಗ್ದಲೀನಾ.